ಆಯತಾಕಾರದ ಟೊಳ್ಳು ಟ್ಯೂಬ್ ತಿರುಚಿದಾಗ: ಶಿಯರ್ ಫ್ಲೋ ಕೈಲೆಕ್ಕ ಮಾಡುವುದು ಹೇಗೆ

ತೆಳು ಗೋಡೆಯ ಟ್ಯೂಬ್ ಮೇಲೆ ಟಾರ್ಕ್ ಬಿದ್ದಾಗ ಮಾಡಬೇಕಾದ ಲೆಕ್ಕ ನಿಜವಾಗಿ ಮೂರು ಸಾಲು. ಆದರೆ ಆ ಮೂರು ಸಾಲಿನಲ್ಲೇ ಎಡವುವವರು ಜಾಸ್ತಿ. ನಾನೂ ಎಡವಿದವನೇ, ಅದರ ಕತೆ ಮುಂದೆ ಬರುತ್ತದೆ. ಇಲ್ಲಿ ಒಂದೇ ಟ್ಯೂಬ್ ಹಿಡಿದುಕೊಂಡು ಕೊನೆಯವರೆಗೂ ಹೋಗೋಣ, ಸೂತ್ರ ಎಲ್ಲಿಂದ ಬಂತು ಅನ್ನುವುದನ್ನೂ ನೋಡೋಣ. ಯಾಕಂದ್ರೆ ಸೂತ್ರ ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಅದು ಎಲ್ಲಿ ಕೈಕೊಡುತ್ತದೆ ಅನ್ನುವುದೂ ಗೊತ್ತಿರುತ್ತದೆ.

ನಮ್ಮ ಟ್ಯೂಬ್ ಹೀಗಿದೆ. ಸ್ಟೀಲಿನದು, ಹೊರ ಅಳತೆ 100 × 60 ಮಿಮೀ, ಗೋಡೆಯ ದಪ್ಪ ಎಲ್ಲ ಕಡೆ 4 ಮಿಮೀ, ಉದ್ದ 1 ಮೀಟರ್. 100 ಮಿಮೀ ಬದಿ ನೆಟ್ಟಗೆ ನಿಂತಿದೆ. ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದಿದ್ದಾರೆ. ಇನ್ನೊಂದು ತುದಿಗೆ ಪಕ್ಕಕ್ಕೆ ಚಾಚಿಕೊಂಡ ಒಂದು ತೋಳು ಇದೆ. ಟ್ಯೂಬಿನ ನಡುವಿನಿಂದ 400 ಮಿಮೀ ದೂರದಲ್ಲಿ, ಆ ತೋಳಿನ ಮೇಲೆ 5 ಕಿಲೋನ್ಯೂಟನ್ ಭಾರ ಕೆಳಕ್ಕೆ ಎಳೆಯುತ್ತಿದೆ. ಅಂದರೆ ಸುಮಾರು ಅರ್ಧ ಟನ್.

ಈ ಭಾರ ಟ್ಯೂಬಿಗೆ ಮೂರು ಕೆಲಸ ಮಾಡುತ್ತದೆ: ತಿರುಚುತ್ತದೆ, ಕೆಳಕ್ಕೆ ಕತ್ತರಿಸಲು ನೋಡುತ್ತದೆ, ಬಗ್ಗಿಸುತ್ತದೆ. ಮೊದಲು ತಿರುಚುವುದನ್ನು ಮಾತ್ರ ತೆಗೆದುಕೊಳ್ಳೋಣ.

```
T = 5000 N × 400 mm = 2,000,000 N·mm
```

ನ್ಯೂಟನ್-ಮೀಟರ್‌ನಲ್ಲಿ ಇದು 2000. ಲೆಕ್ಕವನ್ನೆಲ್ಲ ನ್ಯೂಟನ್ ಮತ್ತು ಮಿಲಿಮೀಟರ್‌ನಲ್ಲೇ ಇಟ್ಟುಕೊಳ್ಳಿ, ಆಗ ಸ್ಟ್ರೆಸ್ ತಾನಾಗಿಯೇ ಮೆಗಾಪಾಸ್ಕಲ್‌ನಲ್ಲಿ ಬರುತ್ತದೆ. ಕೆಲವನ್ನು ಮೀಟರ್‌ನಲ್ಲಿ, ಕೆಲವನ್ನು ಮಿಲಿಮೀಟರ್‌ನಲ್ಲಿ ಬೆರೆಸಿದರೆ ಉತ್ತರ ಸಾವಿರ ಪಟ್ಟು ತಪ್ಪುತ್ತದೆ.

ಮೊದಲು ಮಧ್ಯರೇಖೆ ಎಳೆಯಿರಿ

ಟ್ಯೂಬಿನ ಅಡ್ಡಕೊಯ್ತದ ಚಿತ್ರ ಬರೆದು, ಗೋಡೆಯ ದಪ್ಪದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಸುತ್ತ ಹೋಗಿ ಅದೇ ಜಾಗಕ್ಕೆ ಬರಬೇಕು. ನಮ್ಮ ಟ್ಯೂಬಿನಲ್ಲಿ ಈ ಗೆರೆಯ ಎತ್ತರ 100 − 4 = 96 ಮಿಮೀ, ಅಗಲ 60 − 4 = 56 ಮಿಮೀ. ಇದು ಒಳಗೆ ಕಟ್ಟಿಹಾಕಿರುವ ಜಾಗವೇ ನಮಗೆ ಬೇಕಾದ ಏರಿಯಾ.

```
A = 96 × 56 = 5376 mm²
```

ಗಮನಿಸಿ, ಇದು ಸ್ಟೀಲಿನ ಏರಿಯಾ ಅಲ್ಲ. ಇದರಲ್ಲಿ ಬಹುಪಾಲು ಬರೀ ಗಾಳಿ! ಸ್ಟೀಲಿನ ಏರಿಯಾ ಸುಮಾರು 1216 ಚದರ ಮಿಮೀ ಮಾತ್ರ, ಅದಕ್ಕೆ ಈ ಸೂತ್ರದಲ್ಲಿ ಜಾಗವೇ ಇಲ್ಲ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ. ಬಲ ಹೊರುವುದು ಗೋಡೆ, ಲೆಕ್ಕಕ್ಕೆ ಹಾಕುವುದು ಮಾತ್ರ ಗೋಡೆ ಸುತ್ತುವರಿದ ಜಾಗ. ಯಾಕೆ ಅಂತ ಈಗ ನೋಡೋಣ.

ಶಿಯರ್ ಫ್ಲೋ ಯಾಕೆ ಸುತ್ತಲೂ ಒಂದೇ

ಗೋಡೆಯೊಳಗೆ ಮಧ್ಯರೇಖೆಯ ಗುಂಟ ಓಡುವ ಶಿಯರ್ ಸ್ಟ್ರೆಸ್ಸನ್ನು ಆ ಜಾಗದ ದಪ್ಪದಿಂದ ಗುಣಿಸಿದರೆ ಬರುವುದೇ ಶಿಯರ್ ಫ್ಲೋ. ಒಂದು ಮಿಲಿಮೀಟರ್ ಗೋಡೆ ಎಷ್ಟು ನ್ಯೂಟನ್ ಹೊರುತ್ತಿದೆ ಅನ್ನುವ ಲೆಕ್ಕ ಅಷ್ಟೇ. ಇದಕ್ಕೆ `q` ಅಂತ ಬರೆಯುತ್ತಾರೆ.

ಗೋಡೆಯಿಂದ ಒಂದು ಸಣ್ಣ ತುಂಡನ್ನು ಮನಸ್ಸಿನಲ್ಲೇ ಕತ್ತರಿಸಿ ತೆಗೆಯಿರಿ. ಅದರ ಒಂದು ಅಂಚು ದಪ್ಪ ಗೋಡೆಯಲ್ಲಿದೆ, ಇನ್ನೊಂದು ಅಂಚು ತೆಳು ಗೋಡೆಯಲ್ಲಿದೆ ಅಂದುಕೊಳ್ಳಿ. ಶಿಯರ್ ಸ್ಟ್ರೆಸ್ ಯಾವಾಗಲೂ ಜೋಡಿಯಾಗಿ ಬರುತ್ತದೆ: ಅಡ್ಡಕೊಯ್ತದಲ್ಲಿ ಎಷ್ಟಿದೆಯೋ ಅಷ್ಟೇ ಟ್ಯೂಬಿನ ಉದ್ದಕ್ಕೂ ಇರುತ್ತದೆ. ಹಾಗಾಗಿ ಈ ತುಂಡಿನ ಒಂದು ಅಂಚನ್ನು ಟ್ಯೂಬಿನ ಉದ್ದಕ್ಕೆ ಮುಂದಕ್ಕೆ ಎಳೆಯುವ ಬಲ ಇದೆ, ಇನ್ನೊಂದು ಅಂಚನ್ನು ಹಿಂದಕ್ಕೆ ಎಳೆಯುವ ಬಲ ಇದೆ. ಬರೀ ಟಾರ್ಕ್ ಮಾತ್ರ ಇರುವಾಗ ಉದ್ದದ ದಿಕ್ಕಿನಲ್ಲಿ ಬೇರೆ ಯಾವ ಬಲವೂ ಇಲ್ಲ. ತುಂಡು ಜಾರಿ ಹೋಗದೆ ನಿಂತಿರಬೇಕು ಅಂದರೆ ಈ ಎರಡೂ ಸಮ ಇರಲೇಬೇಕು. ಅಂದರೆ ಸ್ಟ್ರೆಸ್ × ದಪ್ಪ ಎರಡೂ ಕಡೆ ಒಂದೇ. ತುಂಡನ್ನು ನಾವು ಎಲ್ಲಿಂದ ಬೇಕಾದರೂ ತೆಗೆಯಬಹುದಿತ್ತು, ಆದ್ದರಿಂದ `q` ಇಡೀ ಸುತ್ತಿಗೂ ಒಂದೇ.

ಕಾಲುವೆಯ ನೀರು ನೆನಪಿಸಿಕೊಳ್ಳಿ. ಕಾಲುವೆ ಕಿರಿದಾದ ಕಡೆ ನೀರು ಜೋರಾಗಿ ಓಡುತ್ತದೆ, ಅಗಲವಾದ ಕಡೆ ನಿಧಾನ, ಆದರೆ ಹರಿಯುವ ನೀರಿನ ಪ್ರಮಾಣ ಒಂದೇ. ಇಲ್ಲಿ ಪ್ರಮಾಣ ಅಂದರೆ `q`, ವೇಗ ಅಂದರೆ ಸ್ಟ್ರೆಸ್. ಫ್ಲೋ ಅನ್ನುವ ಹೆಸರು ಸುಮ್ನೆ ಬಂದಿದ್ದಲ್ಲ.

ಇನ್ನು `q` ಎಷ್ಟು ಅಂತ ಕಂಡುಹಿಡಿಯುವುದು. ಆಯತಕ್ಕೆ ಇದು ತುಂಬಾ ಸುಲಭ. ನೆಟ್ಟಗಿರುವ ಒಂದೊಂದು ಗೋಡೆಯಲ್ಲೂ ಬಲ `q × 96`, ಒಂದರಲ್ಲಿ ಕೆಳಕ್ಕೆ, ಇನ್ನೊಂದರಲ್ಲಿ ಮೇಲಕ್ಕೆ. ಅವೆರಡರ ನಡುವಿನ ದೂರ 56. ಹಾಗಾಗಿ ಅವು ಕೊಡುವ ಟಾರ್ಕ್ `q × 96 × 56`. ಮೇಲಿನ ಮತ್ತು ಕೆಳಗಿನ ಗೋಡೆಗಳಲ್ಲಿ ಬಲ `q × 56`, ದೂರ 96. ಅವು ಕೊಡುವುದೂ `q × 56 × 96`. ಎರಡು ಜೋಡಿಯೂ ಸರಿಸಮ ಕೊಡುತ್ತವೆ! ಕೂಡಿಸಿದರೆ ಏರಿಯಾದ ಎರಡರಷ್ಟು ಗುಣಿಸು `q`.

```
T = 2 × A × q
q = 2,000,000 / (2 × 5376) = 186 N/mm
τ = q / t = 186 / 4 = 46.5 MPa
```

ಸೂತ್ರದಲ್ಲಿ ಆ 2 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ? ಒಂದು ಜೋಡಿ ಗೋಡೆಗೆ ಒಂದು, ಇನ್ನೊಂದು ಜೋಡಿಗೆ ಒಂದು. ಆಯತ ಅಲ್ಲದ ಆಕಾರಕ್ಕೂ ಇದೇ ಸೂತ್ರ ನಿಲ್ಲುತ್ತದೆ. ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಬ್ರೆಡ್ಟ್ 1896ರಲ್ಲಿ ಇದನ್ನು ಕೊಟ್ಟರು, ಹಾಗಾಗಿ ಬ್ರೆಡ್ಟ್ ಸೂತ್ರ ಅಂತಲೇ ಹೆಸರು.

ಹೊರ ಅಳತೆ 100 × 60 ಅನ್ನೇ ಹಾಕಿದ್ದರೆ ಏರಿಯಾ 6000 ಆಗಿ, `q` 167ಕ್ಕೆ ಇಳಿಯುತ್ತಿತ್ತು. ಶೇಕಡಾ 10 ಕಡಿಮೆ, ಅದೂ ಅಪಾಯದ ಕಡೆಗೆ. ಮೂಲೆಗಳು ದುಂಡಗಿರುವುದನ್ನು ನಾವು ಬಿಟ್ಟಿದ್ದೇವೆ. ಮಧ್ಯರೇಖೆಯ ಮೂಲೆಗೆ 6 ಮಿಮೀ ತ್ರಿಜ್ಯ ಇದ್ದರೂ ಏರಿಯಾ 31 ಚದರ ಮಿಮೀ ಅಷ್ಟೇ ಇಳಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಷ್ಟು ತಿರುಗುತ್ತದೆ

ತಿರುಗುವ ಕೋನಕ್ಕೆ ಗೋಡೆಯ ಉದ್ದ ಮತ್ತು ದಪ್ಪ ಎರಡೂ ಬೇಕು. ಪ್ರತಿ ಗೋಡೆಗೂ ಉದ್ದ ಭಾಗಿಸು ದಪ್ಪ ಮಾಡಿ, ಎಲ್ಲ ಕೂಡಿಸಿ. ಆ ಮೊತ್ತಕ್ಕೆ ಇಲ್ಲಿ `S` ಅಂತ ಕರೆಯುತ್ತೇನೆ. `J` ಅಂದರೆ ತಿರುಚುವುದಕ್ಕೆ ಅಡ್ಡಕೊಯ್ತ ಎಷ್ಟು ಬಿಗಿ ಅನ್ನುವ ಅಳತೆ.

```
S = 96/4 + 56/4 + 96/4 + 56/4 = 76
J = 4 × A² / S = 4 × 5376² / 76 = 1,521,000 mm⁴
θ = T × L / (G × J)
  = 2,000,000 × 1000 / (80,000 × 1,521,000)
  = 0.0164 rad = 0.94°
```

80,000 ಮೆಗಾಪಾಸ್ಕಲ್ ಅನ್ನುವುದು ಸ್ಟೀಲಿನ ಶಿಯರ್ ಮಾಡ್ಯುಲಸ್, ಕೈಲೆಕ್ಕಕ್ಕೆ ಸಾಕು. 0.94 ಡಿಗ್ರಿ ನೋಡಲು ಚಿಕ್ಕದು. ಆದರೆ 400 ಮಿಮೀ ತೋಳಿನ ತುದಿಯಲ್ಲಿ ಅದು 6.6 ಮಿಮೀ ಇಳಿತ. ಅದೇ ಭಾರಕ್ಕೆ ಟ್ಯೂಬ್ ಬಗ್ಗಿ ಇಳಿಯುವುದು ಸುಮಾರು 5.1 ಮಿಮೀ ಮಾತ್ರ. ತೋಳು ಇದ್ದ ಕಡೆ ಜನ ಬಗ್ಗುವ ಲೆಕ್ಕ ಮಾತ್ರ ಮಾಡಿ ಕೈ ತೊಳೆದುಕೊಳ್ಳುತ್ತಾರೆ, ದೊಡ್ಡ ಪಾಲು ತಿರುಚುವುದರಿಂದ ಬಂದಿರುತ್ತದೆ.

ಈಗ ನನ್ನ ಕತೆ. ಓದುತ್ತಿದ್ದ ದಿನಗಳಲ್ಲಿ ನಾನು ದುಂಡು ಶಾಫ್ಟಿನ ಸೂತ್ರವನ್ನೇ ಇಂಥ ಆಯತಾಕಾರದ ಟ್ಯೂಬಿಗೆ ಹಾಕಿದ್ದೆ. ಎರಡು ದಿಕ್ಕಿನ ಇನರ್ಶಿಯಾ ಕೂಡಿಸಿ, ಅದನ್ನೇ `J` ಅಂತ ಇಟ್ಟುಕೊಂಡಿದ್ದೆ. ನಮ್ಮ ಈ ಟ್ಯೂಬಿಗೆ ಹಾಗೆ ಮಾಡಿದರೆ ಏನಾಗುತ್ತದೆ ನೋಡಿ: `J` 2,348,000 ಬರುತ್ತದೆ, ಮೂಲೆಯ ದೂರ 58.3 ಹಾಕಿದರೆ ಸ್ಟ್ರೆಸ್ 49.7 ಮೆಗಾಪಾಸ್ಕಲ್. ಸರಿಯಾದ ಉತ್ತರ 46.5. ಎಷ್ಟು ಹತ್ತಿರ! ಈ ಹೋಲಿಕೆಯೇ ಮೋಸ ಮಾಡುವುದು. ಸ್ಟ್ರೆಸ್ ಸರಿ ಕಾಣುತ್ತದೆ, ಯಾರೂ ಅನುಮಾನ ಪಡುವುದಿಲ್ಲ. ಕೋನ ಮಾತ್ರ 0.61 ಡಿಗ್ರಿ ಅಂತ ಬರುತ್ತದೆ, ನಿಜವಾದ ಟ್ಯೂಬ್ ಅದಕ್ಕಿಂತ ಅರ್ಧದಷ್ಟು ಜಾಸ್ತಿ ತಿರುಗುತ್ತದೆ. ನಾನು ಅಳೆದು ನೋಡಿ, ಅಳೆಯುವ ಸಾಧನವೇ ಕೆಟ್ಟಿದೆ ಅಂತ ಎರಡು ದಿನ ಅದನ್ನು ಬೈದಿದ್ದೆ. ದುಂಡಾಗಿಲ್ಲದ ಅಡ್ಡಕೊಯ್ತ ತಿರುಚಿದಾಗ ಸಪಾಟಾಗಿ ಉಳಿಯುವುದಿಲ್ಲ, ಸ್ವಲ್ಪ ಹಿಂದೆ ಮುಂದೆ ಸೊಟ್ಟಗಾಗುತ್ತದೆ. ಶಾಫ್ಟಿನ ಸೂತ್ರಕ್ಕೆ ಆ ವಿಷಯ ಗೊತ್ತೇ ಇಲ್ಲ.

ಒಂದು ಗೋಡೆ ತೆಳುವಾದರೆ

ಈಗ ನೆಟ್ಟಗಿರುವ ಎರಡು ಗೋಡೆಗಳಲ್ಲಿ ಒಂದರ ದಪ್ಪ 2 ಮಿಮೀ ಅಂದುಕೊಳ್ಳಿ. ತುಕ್ಕು ತಿಂದಿರಬಹುದು, ಅಥವಾ ತಟ್ಟೆಗಳನ್ನು ಜೋಡಿಸಿ ಮಾಡಿದ ಟ್ಯೂಬ್ ಆಗಿರಬಹುದು. ಮಧ್ಯರೇಖೆ ಹೆಚ್ಚುಕಡಿಮೆ ಅಲ್ಲೇ ಇದೆ ಅಂತ ಇಟ್ಟುಕೊಳ್ಳೋಣ.

`A` ಬದಲಾಗಲಿಲ್ಲ, ಹಾಗಾಗಿ `q` ಕೂಡ 186ರಲ್ಲೇ ನಿಂತಿದೆ. ಉಳಿದ ಮೂರು ಗೋಡೆಗಳಲ್ಲಿ ಸ್ಟ್ರೆಸ್ 46.5, ತೆಳು ಗೋಡೆಯಲ್ಲಿ ಮಾತ್ರ 186 / 2 = 93 ಮೆಗಾಪಾಸ್ಕಲ್. `S` 76ರಿಂದ 100ಕ್ಕೆ ಏರುತ್ತದೆ, ಆದ್ದರಿಂದ ಕೋನ 0.94ರಿಂದ 1.24 ಡಿಗ್ರಿಗೆ ಹೋಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ದಪ್ಪ ಗೋಡೆಗಳು ತೆಳು ಗೋಡೆಯ ಸಹಾಯಕ್ಕೆ ಬರುವುದಿಲ್ಲ. ಅವನ್ನು 10 ಮಿಮೀ ಮಾಡಿದರೂ ತೆಳು ಗೋಡೆ ಪ್ರತಿ ಮಿಲಿಮೀಟರಿಗೆ ಅದೇ 186 ನ್ಯೂಟನ್ ಹೊರಲೇಬೇಕು. ತಿರುಚುವ ಟ್ಯೂಬಿನ ಬಲ ಅಂದರೆ ಅದರ ಅತಿ ತೆಳು ಗೋಡೆಯ ಬಲ. ತೆರೆದ ಆಕಾರಗಳಲ್ಲಿ, ಉದಾಹರಣೆಗೆ ಸಿ ಚಾನೆಲ್ಲಿನಲ್ಲಿ, ಇದು ಪೂರ್ತಿ ಉಲ್ಟಾ: ಅಲ್ಲಿ ಅತಿ ದಪ್ಪ ಭಾಗದಲ್ಲೇ ಜಾಸ್ತಿ ಸ್ಟ್ರೆಸ್. ಎರಡನ್ನೂ ಒಂದೇ ವಾರದಲ್ಲಿ ಕಲಿತವರು ಇದನ್ನು ಅದಲು ಬದಲು ಮಾಡಿಕೊಳ್ಳುವುದು ಸಹಜ.

ಉದ್ದಕ್ಕೆ ಸೀಳಿದರೆ

ಎರಡೂ ತುದಿ ತೆರೆದ ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ಕೈಯಲ್ಲಿ ತಿರುಚಿ ನೋಡಿ, ಬಿಗಿಯಾಗಿರುತ್ತದೆ. ಈಗ ಒಂದು ಮೂಲೆಯನ್ನು ಉದ್ದಕ್ಕೂ ಬ್ಲೇಡಿನಿಂದ ಸೀಳಿ ಮತ್ತೆ ತಿರುಚಿ. ಹಗ್ಗದ ಹಾಗೆ ತಿರುಗುತ್ತದೆ. ರಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ, ಸುತ್ತು ಮಾತ್ರ ಕಡಿದಿದೆ. ಸೀಳಿದ ಅಂಚಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಹಾಗಾಗಿ ಅಲ್ಲಿ `q` ಸೊನ್ನೆ. ಅಲ್ಲಿ ಸೊನ್ನೆ ಆದರೆ ಸುತ್ತು ಹರಿವು ಎಲ್ಲೂ ಇಲ್ಲ. ಆಗ ಸ್ಟ್ರೆಸ್ ಗೋಡೆಯ ದಪ್ಪದೊಳಗೇ ಒಂದು ಮುಖದಲ್ಲಿ ಹೋಗಿ ಇನ್ನೊಂದು ಮುಖದಲ್ಲಿ ವಾಪಸ್ ಬರಬೇಕು, ಅದಕ್ಕೆ ಸಿಗುವ ತೋಳು ಬರೀ ಎರಡು ಮೂರು ಮಿಲಿಮೀಟರ್.

```
J (ಸೀಳಿದ್ದು) = (1/3) × 304 × 4³ = 6485 mm⁴
```

304 ಅನ್ನುವುದು ಮಧ್ಯರೇಖೆಯ ಪೂರ್ತಿ ಉದ್ದ. 1,521,000 ಎಲ್ಲಿ, 6485 ಎಲ್ಲಿ! ಬಿಗಿತ ಸುಮಾರು 235 ಪಟ್ಟು ಕಡಿಮೆ. ನಮ್ಮ ಟಾರ್ಕನ್ನೇ ಇದಕ್ಕೆ ಹಾಕಿದರೆ ಸೂತ್ರ 1234 ಮೆಗಾಪಾಸ್ಕಲ್ ಕೊಡುತ್ತದೆ. ಸಾಮಾನ್ಯ ಸ್ಟೀಲ್ ಎಳೆತದಲ್ಲಿ 250ರ ಹತ್ತಿರವೇ, ಶಿಯರಿನಲ್ಲಿ ಇನ್ನೂ ಮೊದಲೇ ಬಿಟ್ಟುಕೊಡುವುದರಿಂದ, ಟ್ಯೂಬ್ ಅಲ್ಲಿಗೆ ಹೋಗುವ ಎಷ್ಟೋ ಮೊದಲೇ ಸೊಟ್ಟಗಾಗಿರುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ, ವೆಲ್ಡ್ ಮಾಡಿ ಟ್ಯೂಬ್ ಕಟ್ಟುವವರಿಗೆ ನೇರವಾಗಿ ಮುಟ್ಟುವ ಮಾತು. ಎರಡು ಸಿ ಚಾನೆಲ್ ಎದುರು ಬದುರು ಇಟ್ಟು ವೆಲ್ಡ್ ಮಾಡಿದಾಗ ಆ 186 ನ್ಯೂಟನ್ ಪ್ರತಿ ಮಿಲಿಮೀಟರಿಗೂ ವೆಲ್ಡಿನ ಮೂಲಕವೇ ದಾಟಬೇಕು, ಟ್ಯೂಬಿನ ಪೂರ್ತಿ ಉದ್ದಕ್ಕೂ. ವೆಲ್ಡಿನ ಗಂಟಲು, ಅಂದರೆ ಅದರ ಅತಿ ಕಡಿಮೆ ದಪ್ಪ, 3 ಮಿಮೀ ಇದ್ದರೆ ಅದರಲ್ಲಿ 62 ಮೆಗಾಪಾಸ್ಕಲ್. ಖರ್ಚು ಉಳಿಸಲು 50 ಮಿಮೀ ವೆಲ್ಡ್, 50 ಮಿಮೀ ಖಾಲಿ ಅಂತ ಬಿಟ್ಟು ಬಿಟ್ಟು ಹಾಕಿದರೆ ಹಾಕಿದ ವೆಲ್ಡಿನ ಪಾಲು ಎರಡರಷ್ಟಾಗಿ 124 ಆಗುತ್ತದೆ, ತುಂಡಿನ ತುದಿಗಳಲ್ಲಿ ಇನ್ನೂ ಜಾಸ್ತಿ. ಒಂದು ತುಂಡು ಬಿರುಕು ಬಿಟ್ಟರೆ ಅದರ ಪಾಲು ಪಕ್ಕದ ತುಂಡಿಗೆ ಹೋಗುತ್ತದೆ, ಹಾಗೆ ಸಾಲಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತಿರುಚುವ ಕೆಲಸಕ್ಕಿರುವ ಟ್ಯೂಬಿಗೆ ನಾನಂತೂ ಬಿಡದೆ ವೆಲ್ಡ್ ಹಾಕಿಸುತ್ತೇನೆ.

ಕೆಳಕ್ಕೆ ಎಳೆಯುವ ಶಿಯರ್ ಕೂಡಿಸುವುದು

ಇಲ್ಲಿವರೆಗೆ ಬರೀ ಟಾರ್ಕ್. ಆದರೆ ಆ 5 ಕಿಲೋನ್ಯೂಟನ್ ಟ್ಯೂಬನ್ನು ಕೆಳಕ್ಕೂ ಎಳೆಯುತ್ತಿದೆಯಲ್ಲ. ಅದರಿಂದ ಬರುವ ಶಿಯರ್ ಫ್ಲೋ ಸುತ್ತು ಹಾಕುವುದಿಲ್ಲ. ಮೇಲಿನ ಗೋಡೆಯ ನಟ್ಟನಡುವೆ ಸೊನ್ನೆಯಿಂದ ಶುರುವಾಗಿ, ಎರಡು ಕಡೆಗೂ ಕವಲೊಡೆದು, ನೆಟ್ಟಗಿನ ಗೋಡೆಗಳಲ್ಲಿ ಇಳಿಯುತ್ತಾ ಅರ್ಧ ಎತ್ತರದಲ್ಲಿ ಅತಿ ಜಾಸ್ತಿ ಆಗುತ್ತದೆ. ಅಲ್ಲಿಗೆ ಬೇಕಾದ್ದು ಮೊದಲ ಮೊಮೆಂಟ್, ಅಂದರೆ ಏರಿಯಾ ಗುಣಿಸು ಅರ್ಧ ಎತ್ತರದಿಂದ ಅದರ ನಡುವಿಗಿರುವ ದೂರ. ಇಲ್ಲಿ ಅದು ಅರ್ಧ ಮೇಲುಗೋಡೆ ಮತ್ತು ಅರ್ಧ ಪಕ್ಕದ ಗೋಡೆಯದು:

```
Q = 28×4×48 + 48×4×24 = 9984 mm³
I = 1,622,000 mm⁴   (ಮಧ್ಯರೇಖೆಯ ಲೆಕ್ಕ)
q = V×Q/I = 5000 × 9984 / 1,622,000 = 30.8 N/mm
```

ಇದು ಒಂದು ಗೋಡೆಯ ಪಾಲು. `Q` ತೆಗೆಯುವಾಗಲೇ ಅರ್ಧ ಮೇಲುಗೋಡೆ ಮಾತ್ರ ತೆಗೆದುಕೊಂಡಿದ್ದರಿಂದ ಮತ್ತೆ ಎರಡರಿಂದ ಭಾಗಿಸಬೇಡಿ. ಸರಿಯಾ ಅಂತ ನೋಡಲು ಸುಲಭದ ದಾರಿ ಇದೆ. 5000 ನ್ಯೂಟನ್ನನ್ನು ಎರಡು ಗೋಡೆಗಳ 192 ಮಿಮೀಗೆ ಸುಮ್ನೆ ಹಂಚಿದರೆ 26. ನಮ್ಮ 30.8 ಅದಕ್ಕಿಂತ ಸ್ವಲ್ಪ ಮೇಲಿದೆ, ಅತಿ ಹೆಚ್ಚಿನ ಜಾಗ ಆದ್ದರಿಂದ ಹಾಗೇ ಇರಬೇಕು.

ಈಗ ದಿಕ್ಕು ನೋಡಿ ಕೂಡಿಸಬೇಕು. ತೋಳು ಬಲಗಡೆ ಇದೆ ಅಂದುಕೊಂಡರೆ, ಟಾರ್ಕಿನ ಹರಿವು ಬಲಗೋಡೆಯಲ್ಲಿ ಕೆಳಕ್ಕೆ, ಎಡಗೋಡೆಯಲ್ಲಿ ಮೇಲಕ್ಕೆ. ಭಾರದ ಶಿಯರ್ ಎರಡರಲ್ಲೂ ಕೆಳಕ್ಕೆ. ಹಾಗಾಗಿ ಬಲಗೋಡೆಯಲ್ಲಿ 186 + 31 = 217, ಎಡಗೋಡೆಯಲ್ಲಿ 186 − 31 = 155. ಸ್ಟ್ರೆಸ್ ಬಲಕ್ಕೆ 54, ಎಡಕ್ಕೆ 39 ಮೆಗಾಪಾಸ್ಕಲ್. ಭಾರ ಯಾವ ಕಡೆ ಇದೆಯೋ ಆ ಕಡೆಯ ಗೋಡೆಗೆ ಕಷ್ಟ ಜಾಸ್ತಿ ಅಂತ ನೆನಪಿಟ್ಟುಕೊಂಡರೆ ಬಾಣದ ಗುರುತು ತಪ್ಪುವುದಿಲ್ಲ.

ಇಷ್ಟಕ್ಕೇ 54 ಕಡಿಮೆಯೇ, ಟ್ಯೂಬ್ ಆರಾಮಾಗಿದೆ ಅನ್ನಬೇಡಿ. ಬಿಗಿದ ತುದಿಯಲ್ಲಿ ಮೇಲುಗೋಡೆಗೆ ಬಗ್ಗುವುದರಿಂದ 154 ಮೆಗಾಪಾಸ್ಕಲ್ ಎಳೆತ ಇದೆ. ಅದೇ ಗೋಡೆಯ ನಡುವೆ ಟಾರ್ಕಿನ 46.5 ಕೂಡ ಇದೆ. ಎಳೆತ ಮತ್ತು ಶಿಯರ್ ಎರಡನ್ನೂ ಒಂದೇ ಸ್ಟ್ರೆಸ್ ಆಗಿ ಮಾಡುವ ವಾನ್ ಮೀಸಸ್ ರೀತಿಯಲ್ಲಿ ಸೇರಿಸಿದರೆ 174 ಬರುತ್ತದೆ. ಈ ಟ್ಯೂಬಿನಲ್ಲಿ ಮೊದಲು ಬಿಟ್ಟುಕೊಡುವುದು ಪಕ್ಕದ ಗೋಡೆಯಲ್ಲ, ಬಿಗಿದ ತುದಿಯ ಮೇಲುಗೋಡೆ ಮತ್ತು ಕೆಳಗೋಡೆ.

ಸೂತ್ರ ಎಲ್ಲಿ ಕೈಕೊಡುತ್ತದೆ

ದಪ್ಪದ ವಿಷಯ ಬೇಗ ಮುಗಿಸುತ್ತೇನೆ. ಗೋಡೆಯ ದಪ್ಪ, ಚಿಕ್ಕ ಬದಿಯ ಹತ್ತನೇ ಒಂದು ಭಾಗದೊಳಗೆ ಇದ್ದರೆ ಈ ಲೆಕ್ಕ ಸಾಕು. ನಮ್ಮದು 56ಕ್ಕೆ 4, ಅಂದರೆ ಹದಿನಾಲ್ಕನೇ ಒಂದು ಭಾಗ. ಅದಕ್ಕಿಂತ ದಪ್ಪವಾದರೆ ಗೋಡೆಯ ಒಳಮುಖಕ್ಕೂ ಹೊರಮುಖಕ್ಕೂ ಸ್ಟ್ರೆಸ್ ಬೇರೆಯಾಗುತ್ತದೆ. ಒಳಮೂಲೆ ಚೂಪಾಗಿದ್ದರೆ ಅಲ್ಲಿ ಸ್ಟ್ರೆಸ್ ಗುಂಪು ಕಟ್ಟುತ್ತದೆ, ಮತ್ತೆ ಮತ್ತೆ ತಿರುಚುವ ಕೆಲಸವಾದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಬಿಗಿದ ತುದಿಯ ಪಕ್ಕದಲ್ಲಿ ಅಡ್ಡಕೊಯ್ತ ಸೊಟ್ಟಗಾಗಲು ಬಿಡದೆ ಹಿಡಿದಿರುವುದರಿಂದ ಅಲ್ಲೂ ಸ್ವಲ್ಪ ಹೆಚ್ಚುವರಿ ಸ್ಟ್ರೆಸ್ ಇರುತ್ತದೆ.

ನಿಜವಾಗಿ ಕಾಟ ಕೊಡುವುದು ಬೇರೆ. ಸೂತ್ರ ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿದೆ: ಆಯತ ಆಯತವಾಗಿಯೇ ಉಳಿಯುತ್ತದೆ, ಇಡಿಯಾಗಿ ತಿರುಗುತ್ತದೆ ಅಂತ. ಆದರೆ ತೋಳನ್ನು ಟ್ಯೂಬಿನ ಒಂದೇ ಗೋಡೆಗೆ ವೆಲ್ಡ್ ಮಾಡಿದರೆ ಟಾರ್ಕ್ ನಾಲ್ಕೂ ಗೋಡೆಗೆ ನೇರವಾಗಿ ತಲುಪುವುದಿಲ್ಲ. ಆ ಗೋಡೆ ಮೊದಲು ಒಳಹೊರಗೆ ಬಗ್ಗುತ್ತದೆ, ಆಯತ ಓರೆಯಾಗುತ್ತದೆ. ಹೀಗಾದಾಗ ತೋಳಿನ ತುದಿ ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಕೆಳಗೆ ಇಳಿದಿರುತ್ತದೆ, ಲೆಕ್ಕ ಎಷ್ಟು ಸಲ ನೋಡಿದರೂ ತಪ್ಪು ಸಿಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಹೀಗೆ. ಡಿಜಿಟಲ್ ಆಂಗಲ್ ಗೇಜನ್ನು ಬಿಗಿದ ತುದಿಯ ಮೇಲುಗೋಡೆಯಲ್ಲಿ ಅಡ್ಡಕ್ಕೆ ಇಟ್ಟು, ಭಾರ ಹಾಕುವ ಮೊದಲು ಮತ್ತು ನಂತರ ಕೋನ ಓದಿ. ಭಾರದ ತುದಿಯಲ್ಲೂ ಹಾಗೇ ಮಾಡಿ. ಎರಡರ ವ್ಯತ್ಯಾಸ ನಮ್ಮ 0.94ರ ಹತ್ತಿರ ಇರಬೇಕು. ಬಿಗಿದ ತುದಿಯೇ ತಿರುಗಿದ್ದರೆ ತಪ್ಪು ಬುಡದ ಜೋಡಣೆಯದು. ಆಮೇಲೆ ಭಾರದ ತುದಿಯಲ್ಲಿ ಪಕ್ಕದ ಗೋಡೆಯ ಕೋನವನ್ನೂ ಓದಿ. ಮೇಲುಗೋಡೆ ಒಂದಷ್ಟು ತಿರುಗಿ ಪಕ್ಕದ ಗೋಡೆ ಬೇರೆಯೇ ಅಷ್ಟು ತಿರುಗಿದ್ದರೆ, ಅವುಗಳ ನಡುವಿನ 90 ಡಿಗ್ರಿ ಹೋಗಿದೆ ಅಂತ ಅರ್ಥ. ತುದಿ ತೆರೆದಿದ್ದರೆ ಎರಡು ಕರ್ಣಗಳನ್ನೂ ಅಳೆಯಿರಿ, ಒಂದು ಉದ್ದವಾಗಿ ಇನ್ನೊಂದು ಗಿಡ್ಡವಾಗಿರುತ್ತದೆ. ಆಗ ಗೋಡೆ ದಪ್ಪ ಮಾಡಲು ಹೋಗಬೇಡಿ. ತೋಳು ಸೇರುವ ಜಾಗದಲ್ಲಿ ನಾಲ್ಕೂ ಗೋಡೆಗೆ ತಾಗುವಂತೆ ಒಂದು ಅಡ್ಡ ತಟ್ಟೆ ವೆಲ್ಡ್ ಮಾಡಿಸಿ, ಮತ್ತೆ ಅಳೆಯಿರಿ.